ಬೋರ್ಡ್ ಗೇಮ್‌ಗೆ ಮುಂಗಡ ಹಣ: ಗುರಿ ಮುಟ್ಟಿದರೆ ಮಾತ್ರವೇ, ಬಂದಷ್ಟಕ್ಕೇ, ಅಥವಾ ಸ್ವಂತ ಬುಕಿಂಗೇ?

ಪ್ರಕಟಣಪೂರ್ವ ಬೆಲೆ ಕೊಟ್ಟು ಪುಸ್ತಕ ಕಾದಿರಿಸುವುದು ಕನ್ನಡ ಓದುಗರಿಗೆ ಹೊಸತಲ್ಲ. ಹೊಸ ಬೋರ್ಡ್ ಗೇಮ್‌ಗೆ ಜನರಿಂದ ಮುಂಗಡ ಎತ್ತುವುದೂ ಮೇಲ್ನೋಟಕ್ಕೆ ಅದೇ ವ್ಯವಹಾರ. ಆದರೆ ಪುಸ್ತಕವನ್ನು ನೂರು ಪ್ರತಿ ಬೇಕೆಂದರೂ ಅಚ್ಚು ಹಾಕಿಸಬಹುದು. ಆಟದ ಪೆಟ್ಟಿಗೆಯಲ್ಲಿ ಕಾರ್ಡು, ಮಡಚುವ ಮಣೆ, ಗಟ್ಟಿ ಡಬ್ಬಿ, ಕಾಯಿ ಎಂದು ನಾಲ್ಕು ಬೇರೆ ಬೇರೆ ಕೆಲಸಗಳಿವೆ; ಒಂದೊಂದಕ್ಕೂ ಅದರದೇ ಪ್ಲೇಟು, ಅದರದೇ ಕತ್ತರಿಸುವ ಅಚ್ಚು. ನಾವು ವಿಚಾರಿಸಿದ ಆಫ್‌ಸೆಟ್ ಮುದ್ರಕರಲ್ಲಿ 500 ಪ್ರತಿಗಿಂತ ಕಡಿಮೆಗೆ ಬೆಲೆ ಹೇಳಿದವರು ಒಬ್ಬರೂ ಇಲ್ಲ. ಹಾಗಾಗಿ ಯಾವ ದಾರಿ ಹಿಡಿಯಬೇಕು ಎಂಬುದನ್ನು ನಿರ್ಧರಿಸುವ ಪ್ರಶ್ನೆ ಒಂದೇ: ನೀವು ಅಂದುಕೊಂಡದ್ದರಲ್ಲಿ ಅರ್ಧದಷ್ಟೇ ಜನ ಹಣ ಕೊಟ್ಟರೆ ಏನು ಮಾಡುತ್ತೀರಿ?

ನಾನು ಶಿವಮೊಗ್ಗದಲ್ಲಿರುವವನು, ಸಾಗರದ ಬಳಿ ತೋಟ ಮಾಡಿಕೊಂಡಿರುವ ಭಾವನ ಜೊತೆ ಸೇರಿ ಅಡಿಕೆಯ ಮೇಲೊಂದು ಆಟ ಮಾಡಿದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ನಾಲ್ಕು ಬಣ್ಣದ ಕಾಯಿಗಳು, 110 ಕಾರ್ಡುಗಳು, ಕೊಳೆ ರೋಗ ಬಂದರೆ ಎಲ್ಲರ ಲೆಕ್ಕವೂ ತಲೆಕೆಳಗು. ಮುಂದೆ ಬರುವ ಅಂಕಿಗಳು ಈ ಆಟದವು. ನಿಮ್ಮ ಆಟಕ್ಕೆ ಅಂಕಿ ಬದಲಾಗುತ್ತದೆ, ಲೆಕ್ಕ ಹಾಕುವ ಕ್ರಮ ಬದಲಾಗುವುದಿಲ್ಲ.

ಮೂರು ದಾರಿಗಳು

ಮೊದಲನೆಯದು, ಇಷ್ಟು ಹಣ ಬೇಕೆಂದು ಇಟ್ಟ ಗುರಿ ಮುಟ್ಟಿದರೆ ಮಾತ್ರ ಹಣ ಸಿಗುವ ಕ್ರೌಡ್‌ಫಂಡಿಂಗ್. ಕಿಕ್‌ಸ್ಟಾರ್ಟರ್ ಎಂಬ ಅಮೆರಿಕದ ಜಾಲತಾಣ 2009ರಿಂದ ನಡೆಸಿಕೊಂಡು ಬಂದಿರುವುದು ಈ ಪದ್ಧತಿಯನ್ನೇ. ಗುರಿ ಮುಟ್ಟದಿದ್ದರೆ ಯಾರ ಕಾರ್ಡಿನಿಂದಲೂ ಹಣ ಕಡಿತವಾಗುವುದಿಲ್ಲ. ತೊಡಕೆಂದರೆ, ಅಲ್ಲಿ ಅಭಿಯಾನ ನಡೆಸಬಹುದಾದ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ನಾವು ಅಲ್ಲಿ ಹಣ ಕೊಡಬಹುದು, ಎತ್ತುವಂತಿಲ್ಲ. ಅಮೆರಿಕದಲ್ಲೋ ಸಿಂಗಪುರದಲ್ಲೋ ಇರುವ ಪಾಲುದಾರರ ಹೆಸರಿನಲ್ಲಿ ನಡೆಸುವವರಿದ್ದಾರೆ; ಹಾಗೆ ಮಾಡಿದರೆ ಹಣವೂ ಹೊಣೆಯೂ ಅವರ ಹೆಸರಿಗೆ ಹೋಗುತ್ತದೆ. ಅಕ್ಕನ ಮಗ ಅಲ್ಲಿದ್ದಾನೆ ಎಂಬ ಒಂದೇ ಕಾರಣಕ್ಕೆ ಈ ಸಾಹಸ ಬೇಡ. ದೇಶದೊಳಗಿನ ವೇದಿಕೆಗಳಲ್ಲಿ ಇದೇ ಪದ್ಧತಿ ಇದ್ದರೂ, ಹಣವನ್ನು ಮೊದಲೇ ಪಡೆದು, ಗುರಿ ಮುಟ್ಟದಿದ್ದರೆ ಹಿಂದಿರುಗಿಸುವ ಏರ್ಪಾಡು ಇರಬಹುದು. ಹಿಂದಿರುಗಿಸುವಾಗ ಪಾವತಿ ಶುಲ್ಕ ಯಾರ ತಲೆಗೆ ಎಂಬುದನ್ನು ಸಹಿ ಹಾಕುವ ಮುನ್ನ ಬರಹದಲ್ಲಿ ಕೇಳಿಕೊಳ್ಳಿ.

ಎರಡನೆಯದು, ಬಂದಷ್ಟನ್ನು ಇಟ್ಟುಕೊಳ್ಳುವ ಪದ್ಧತಿ. ಒಂದು ಲಕ್ಷ ಬಂದರೆ ಒಂದು ಲಕ್ಷ, ಹತ್ತು ಸಾವಿರ ಬಂದರೆ ಹತ್ತು ಸಾವಿರ. ವೈದ್ಯಕೀಯ ವೆಚ್ಚಕ್ಕೋ ಶಾಲೆಯ ಕೊಠಡಿಗೋ ಇದು ಸರಿ, ಏಕೆಂದರೆ ಅಲ್ಲಿ ಸಿಕ್ಕಿದ್ದೆಲ್ಲ ಉಪಯೋಗಕ್ಕೆ ಬರುತ್ತದೆ. ಬೋರ್ಡ್ ಗೇಮ್‌ಗೆ ಇದಕ್ಕಿಂತ ಅಪಾಯದ ದಾರಿ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. 140 ಜನ ಹಣ ಕೊಟ್ಟರು ಎನ್ನಿ. ಹಣ ನಿಮ್ಮ ಖಾತೆಯಲ್ಲಿದೆ, 140 ಪೆಟ್ಟಿಗೆ ಕೊಡುವ ಮಾತೂ ನಿಮ್ಮ ತಲೆಯ ಮೇಲಿದೆ, ಮುದ್ರಕರು ಮಾತ್ರ 500ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಮೂರನೆಯದು, ಯಾವ ವೇದಿಕೆಯ ಹಂಗೂ ಇಲ್ಲದೆ ಸ್ವಂತ ಪುಟದಲ್ಲಿ ಪಾವತಿ ಗೇಟ್‌ವೇ ಇಟ್ಟು ಬುಕಿಂಗ್ ಪಡೆಯುವುದು. ಗೇಟ್‌ವೇ ಶುಲ್ಕ ಸಾಮಾನ್ಯವಾಗಿ ಶೇ 2ರ ಆಸುಪಾಸು, ಅದರ ಮೇಲೆ ಶೇ 18 ಜಿಎಸ್‌ಟಿ. ಹಣ ಹಿಂದಿರುಗಿಸಬೇಕಾಗಿ ಬಂದರೆ ಈ ಶುಲ್ಕ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಸ್ವಂತ ಮೊಬೈಲಿನ ಯುಪಿಐ ಕ್ಯೂಆರ್ ಹಾಕಿದರೆ ಶುಲ್ಕವೇ ಇಲ್ಲ ಎನ್ನುವವರಿಗೆ ಒಂದು ಮಾತು: ಯುಪಿಐ ಜಮೆಗಳನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ 2025ರ ಜುಲೈನಲ್ಲಿ ನೋಟಿಸು ಕಳಿಸಿದ್ದನ್ನು ನೆನಪಿಸಿಕೊಳ್ಳಿ. ಮನೆಖರ್ಚು ನಡೆಯುವ ಖಾತೆಗೆ ಇನ್ನೂರು ಜನರ ಮುಂಗಡ ಬೀಳುವುದು ಬೇಡ. ಬೇರೆ ಖಾತೆ ತೆರೆಯಿರಿ.

ಗುರಿ: ಮುದ್ರಣದ ಬಿಲ್ಲೇ ಗುರಿಯಲ್ಲ

ನಮಗೆ ಸಿಕ್ಕ ಆಫ್‌ಸೆಟ್ ಕೊಟೇಶನ್ 500 ಪ್ರತಿಗೆ ತೆರಿಗೆ ಸೇರಿ 2,50,000 ರೂಪಾಯಿ. ಅದರಲ್ಲಿ 60,000 ಪ್ಲೇಟು, ಅಚ್ಚು, ಮಾದರಿ ಪ್ರತಿಗಳದ್ದು; 500 ಮಾಡಿಸಿದರೂ 1,000 ಮಾಡಿಸಿದರೂ ಆ ಭಾಗ ಅಷ್ಟೇ. ಉಳಿದದ್ದು ಪ್ರತಿಗೆ 380ರಂತೆ. ಸಾಗಣೆ ಸೇರಿ 1,400 ರೂಪಾಯಿ ಬೆಲೆ ಇಡೋಣ ಎಂದುಕೊಂಡೆವು. ‘ಹಾಗಾದರೆ ಗುರಿ ಎರಡೂವರೆ ಲಕ್ಷ, 179 ಜನ ಸಾಕು’ ಎಂದು ನಾನು ಹೇಳಿದೆ. ಭಾವ ಕಾಗದ ಎಳೆದುಕೊಂಡು ಕೂತರು.

ಒಂದು ಪೆಟ್ಟಿಗೆಯ 1,400ರಲ್ಲಿ ಮೊದಲು ಜಿಎಸ್‌ಟಿ ಹೋಗಬೇಕು. ಚೆಸ್, ಕೇರಂ, ಲೂಡೋ ಬಗೆಯ ಬೋರ್ಡ್ ಗೇಮ್‌ಗಳ ದರ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಬೆಲೆಯೊಳಗೇ ಲೆಕ್ಕ ಹಾಕಿದರೆ 67 ರೂಪಾಯಿ. ಪ್ಯಾಕಿಂಗ್ ಮತ್ತು ಸಾಗಣೆಗೆ ಸರಾಸರಿ 150. ವೇದಿಕೆಯ ಪಾಲನ್ನೂ ಗೇಟ್‌ವೇ ಶುಲ್ಕವನ್ನೂ ಸೇರಿಸಿ ಶೇ 10, ಅದರ ಮೇಲಿನ ತೆರಿಗೆ ಬೇರೆ ಎಂದು ಹಿಡಿದೆವು: 165. ಕೈಗೆ ಉಳಿಯುವುದು 1,018. ಅಂದರೆ 179 ಜನ ಬಂದು ‘ಗುರಿ ಮುಟ್ಟಿತು’ ಎಂದು ಪುಟ ಹಸಿರಾದ ದಿನ ನಮ್ಮ ಕೈಯಲ್ಲಿರುವುದು 1,82,222 ರೂಪಾಯಿ. ಮುದ್ರಕರ ಬಿಲ್ಲಿಗೇ ಸುಮಾರು 68,000 ಕಡಿಮೆ. ಚಿತ್ರ ಬರೆದವರ 70,000ದ ಮಾತು ಇನ್ನೂ ಎತ್ತಿಯೇ ಇಲ್ಲ.

ಲೆಕ್ಕವನ್ನು ತಿರುಗಿಸಿ ಹಾಕಬೇಕು. ಮುದ್ರಣ ಮತ್ತು ಚಿತ್ರಗಳಿಗೆ ಒಟ್ಟು 3,20,000 ಬೇಕು. ಅದನ್ನು 1,018ರಿಂದ ಭಾಗಿಸಿದರೆ 315 ಪೆಟ್ಟಿಗೆ. ಅದನ್ನು 1,400ರಿಂದ ಗುಣಿಸಿದರೆ 4,41,000. ಇದು ನಿಜವಾದ ಗುರಿ. ಸ್ವಂತ ಪುಟದಲ್ಲಾದರೆ ಪೆಟ್ಟಿಗೆಗೆ 33 ರೂಪಾಯಿ ಮಾತ್ರ ಶುಲ್ಕ ಹೋಗಿ 1,150 ಉಳಿಯುವುದರಿಂದ 279 ಜನ ಸಾಕು. ಮುದ್ರಣಕ್ಕೆ ಕಟ್ಟಿದ ತೆರಿಗೆಯಲ್ಲಿ ಒಂದಷ್ಟು ಮುಂದೆ ಹೊಂದಾಣಿಕೆಯಾಗುತ್ತದೆ, ನಿಜ. ಆದರೆ ಮುದ್ರಕರಿಗೆ ಹಣ ಕೊಡುವ ದಿನ ಅದು ಕೈಯಲ್ಲಿರುವುದಿಲ್ಲ, ಗುರಿಯ ಲೆಕ್ಕಕ್ಕೆ ಅದನ್ನು ತರಬೇಡಿ.

ಗುರಿಯನ್ನು ಬೇಕೆಂದೇ ಚಿಕ್ಕದಾಗಿಟ್ಟು, ಮೊದಲ ದಿನವೇ ಮುಟ್ಟಿತೆಂದು ತೋರಿಸುವ ರೂಢಿಯಿದೆ. ಉಳಿದ ಹಣ ಜೇಬಿನಲ್ಲಿ ಇದ್ದವರಿಗೆ ಮಾತ್ರ ಅದು ನಡೆದೀತು. ಗುರಿ ದಾಟುವುದೇ ರಕ್ಷಣೆಯಲ್ಲ ಎಂಬುದಕ್ಕೆ ಅಮೆರಿಕದ ‘ದ ಡೂಮ್ ದಟ್ ಕೇಮ್ ಟು ಅಟ್ಲಾಂಟಿಕ್ ಸಿಟಿ’ ಎಂಬ ಆಟದ ಕತೆ ಇದೆ. 2012ರಲ್ಲಿ 35,000 ಡಾಲರ್ ಗುರಿಯಿಟ್ಟು 1,246 ಜನರಿಂದ 1,22,000 ಡಾಲರಿಗೂ ಹೆಚ್ಚು ಬಂತು, ಮರುವರ್ಷ ಅಭಿಯಾನದವರು ಆಟ ಬರುವುದಿಲ್ಲ ಎಂದುಬಿಟ್ಟರು. ಹಣ ಬೇರೆ ಖರ್ಚುಗಳಿಗೆ ಹೋಗಿತ್ತು ಎಂಬ ಆರೋಪದ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2015ರಲ್ಲಿ ಕ್ರಮ ಕೈಗೊಂಡಿತು. ಕ್ರೌಡ್‌ಫಂಡಿಂಗ್ ವಿಚಾರದಲ್ಲಿ ಅದು ಕೈಹಾಕಿದ ಮೊದಲ ಪ್ರಕರಣ ಅದು.

ಭಾವ ಆಗ ಹೇಳಿದ ಮಾತನ್ನು ಇಲ್ಲಿ ಬರೆಯಲೇಬೇಕು. ‘ಫಸಲನ್ನು ಚೇಣಿ ಗುತ್ತಿಗೆಗೆ ಹಿಡಿಯುವವನು ತೋಟವೆಲ್ಲ ಸುತ್ತಿ, ಅಡಿಕೆ ಕೊನೆ ಎಣಿಸಿ ಹಣ ಕೊಡುತ್ತಾನೆ. ನಿನ್ನ ಆಟಕ್ಕೆ ಹಣ ಕೊಡುವವರು ಏನನ್ನು ಎಣಿಸಬೇಕು?’ ಆ ಮಾತಿನಿಂದಾಗಿ ನಮ್ಮ ಪುಟದಲ್ಲಿ ಬಣ್ಣಬಣ್ಣದ ಡಬ್ಬಿಯ ಕಂಪ್ಯೂಟರ್ ಚಿತ್ರಕ್ಕಿಂತ ಮೇಲೆ, ನಿಜವಾದ ಮಾದರಿ ಪ್ರತಿಯ ಫೋಟೊ, ನಿಯಮಗಳ ಪೂರ್ತಿ ಪಿಡಿಎಫ್ ಮತ್ತು 1,400ರಲ್ಲಿ ಯಾವುದಕ್ಕೆ ಎಷ್ಟು ಹೋಗುತ್ತದೆ ಎಂಬ ಪಟ್ಟಿ ಬಂದವು.

ನಮಗೆ ಎಷ್ಟು ಜನ ಬರುತ್ತಾರೆ?

ಆಯ್ಕೆ ನಿಂತಿರುವುದೇ ಈ ಸಂಖ್ಯೆಯ ಮೇಲೆ. ಇದನ್ನು ಊಹಿಸುವುದಕ್ಕೆ ಬಾಯಿಮಾತು ನಂಬಬೇಡಿ. ತೀರ್ಥಹಳ್ಳಿ, ಸಾಗರ, ಶಿವಮೊಗ್ಗಗಳಲ್ಲಿ ಆಡಿಸಿದಾಗ, ವಾಟ್ಸಾಪ್ ಗುಂಪುಗಳಲ್ಲಿ ಕೇಳಿದಾಗ ‘ಖಂಡಿತ ತೆಗೆದುಕೊಳ್ಳುತ್ತೇವೆ’ ಎಂದವರು ಆರುನೂರರ ಹತ್ತಿರ ಇದ್ದರು. ಯಾವಾಗ ಬೇಕಾದರೂ ವಾಪಸ್ ಕೊಡುತ್ತೇವೆ ಎಂದು ಹೇಳಿ 100 ರೂಪಾಯಿ ಟೋಕನ್ ಕೇಳಿದೆವು. ಕೊಟ್ಟವರು 143. ಮುಂದೆ ಪೂರ್ತಿ ಹಣ ಕಟ್ಟಿದವರು ಅವರಲ್ಲಿ 121. ಹೊಗಳಿಕೆಗೂ ಹಣಕ್ಕೂ ಇರುವ ದೂರ ಇಷ್ಟು. ಈ ನೂರು ರೂಪಾಯಿಯ ಪರೀಕ್ಷೆಯನ್ನು ವೇದಿಕೆಯೊಂದಿಗೆ ಮಾತಾಡುವ ಮೊದಲೇ ಮಾಡಿಬಿಡಿ.

143ನ್ನು ಕಂಡ ಮೇಲೆ 315ರ ಗುರಿಯ ಆಸೆ ಬಿಟ್ಟೆವು. ಇದ್ದ ಇನ್ನೊಂದು ದಾರಿ ಡಿಜಿಟಲ್ ಮುದ್ರಣ: 200 ಪ್ರತಿಗೆ 1,80,000 ರೂಪಾಯಿ, ಅಂದರೆ ಪೆಟ್ಟಿಗೆಗೆ 900. ಆಫ್‌ಸೆಟ್‌ನ 500 ರೂಪಾಯಿಗೆ ಹೋಲಿಸಿದರೆ ಹೆಚ್ಚುಕಡಿಮೆ ಎರಡರಷ್ಟು. ಸ್ವಂತ ಪುಟದಲ್ಲಿ ಒಂದು ತಿಂಗಳು ಬುಕಿಂಗ್ ಇಟ್ಟೆವು, 181 ಬಂದವು. ಶುಲ್ಕ, ತೆರಿಗೆ, ಸಾಗಣೆ ಕಳೆದು 2,08,150; ಮುದ್ರಕರಿಗೆ ಕೊಟ್ಟು ಉಳಿದದ್ದು 28,150. ಚಿತ್ರದ 70,000ದಲ್ಲಿ ಮಿಕ್ಕದ್ದನ್ನು ನಾವಿಬ್ಬರೂ ಜೇಬಿನಿಂದ ಹಾಕಿದೆವು. ನಷ್ಟವೇ, ಆದರೆ ಎಷ್ಟೆಂದು ಮೊದಲೇ ಗೊತ್ತಿದ್ದ ನಷ್ಟ. ಅಟ್ಟದ ಮೇಲೆ ಮುನ್ನೂರು ಪೆಟ್ಟಿಗೆ ಬೂಷ್ಟು ಹಿಡಿಯುತ್ತಾ ಕೂರಲಿಲ್ಲ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಟೋಕನ್ ಕೊಟ್ಟವರು ನೂರೈವತ್ತರ ಒಳಗಿದ್ದರೆ ಸ್ವಂತ ಬುಕಿಂಗ್, ಡಿಜಿಟಲ್ ಮುದ್ರಣ. ಮುನ್ನೂರರ ಹತ್ತಿರ ಇದ್ದರೆ, ಗುರಿ ಮುಟ್ಟಿದರೆ ಮಾತ್ರ ಎನ್ನುವ ವೇದಿಕೆ, ಆಫ್‌ಸೆಟ್ ಮುದ್ರಣ; ಸೋತರೂ ಯಾರಿಗೂ ಸಾಲಗಾರರಾಗುವುದಿಲ್ಲ. ನಡುವಿನ ಇನ್ನೂರು ಇನ್ನೂರೈವತ್ತು ಎಲ್ಲಕ್ಕಿಂತ ಕಷ್ಟದ ಜಾಗ. ಡಿಜಿಟಲ್ ದುಬಾರಿ, ಆಫ್‌ಸೆಟ್‌ಗೆ ಜನ ಸಾಲದು. ಅಲ್ಲಿದ್ದರೆ ಅಭಿಯಾನವನ್ನೇ ಆರು ತಿಂಗಳು ಮುಂದೂಡಿ, ಇನ್ನಷ್ಟು ಊರುಗಳಲ್ಲಿ ಆಡಿಸಿ ಬನ್ನಿ.

ಸಣ್ಣದಾಗಿ ಮಾಡುವವರಿಗೆ ಒಂದು ಉಪಾಯವಿದೆ. ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೆ ಒಂದೇ ಒಂದು ಪೆಟ್ಟಿಗೆ ಹೈದರಾಬಾದಿಗೆ ಮಾರಿದರೂ ಅಂತರರಾಜ್ಯ ಮಾರಾಟವಾಗಿ, ಕಾಯ್ದೆಯ 24ನೇ ಕಲಮಿನ ಪ್ರಕಾರ ನೋಂದಣಿ ಬೇಕಾಗುತ್ತದೆ. ಕನ್ನಡದ ಆಟ, ಕರ್ನಾಟಕದೊಳಗೆ ಮಾತ್ರ ಎಂದು ಗೆರೆ ಎಳೆದುಕೊಂಡರೆ ಕಾಗದಪತ್ರದ ಹೊರೆ ತಪ್ಪುತ್ತದೆ. ಪುಣೆ ಮುಂಬಯಿಯ ನೆಂಟರು ಬಿಡದಿದ್ದ ಕಾರಣ ನಾವು ನೋಂದಣಿ ಮಾಡಿಸಿದೆವು.

ಪ್ರತಿಫಲ: ಎಷ್ಟು ಬಗೆ?

ಒಂದು ಪೆಟ್ಟಿಗೆ 1,400. ಒಂದೇ ವಿಳಾಸಕ್ಕೆ ಎರಡಾದರೆ 2,650. ಮನೆಯಲ್ಲೇ ಮುದ್ರಿಸಿಕೊಂಡು ಆಡುವ ಪಿಡಿಎಫ್ 150. ಇಷ್ಟು ಸಾಕು ಎನ್ನುತ್ತೇನೆ. ಟಿ-ಶರ್ಟ್ ಸೇರಿಸೋಣ ಎಂದು ಗೆಳೆಯರು ಹೇಳುತ್ತಾರೆ. ಐದು ಅಳತೆ, ಎರಡು ಬಣ್ಣ ಎಂದರೆ ಹತ್ತು ಬಗೆಯ ಸರಕು, ಹತ್ತು ಬಗೆಯ ಮಿಕ್ಕುಳಿಕೆ.

ಚನ್ನಪಟ್ಟಣದ ಅರಗಿನ ಬಣ್ಣದ ಮರದ ಕಾಯಿಗಳನ್ನು ವಿಶೇಷ ಪ್ಯಾಕ್ ಆಗಿ ಕೊಡುವ ಆಸೆ ನಮಗೂ ಇತ್ತು. ಚೆನ್ನಾಗಿಯೇ ಕಾಣುತ್ತದೆ. ಆದರೆ ಅದು ಎರಡನೆಯ ತಯಾರಕ, ಎರಡನೆಯ ಗಡುವು. ಅಲ್ಲಿ ತಡವಾದರೆ ಇಲ್ಲಿ ಸಿದ್ಧವಿರುವ ಪೆಟ್ಟಿಗೆಗಳೂ ಕಾಯಬೇಕು. ಎಲ್ಲ ಪೆಟ್ಟಿಗೆಗೂ ಮರದ ಕಾಯಿ ಹಾಕಿ, ಇಲ್ಲವೇ ಯಾವುದಕ್ಕೂ ಬೇಡ. ಕೆಲವಕ್ಕೆ ಮಾತ್ರ ಎಂಬುದು ಪ್ಯಾಕಿಂಗ್ ದಿನ ತಲೆನೋವು.

ಗುರಿ ದಾಟಿದರೆ ‘ಇನ್ನೂ ಐದು ಕಾರ್ಡು ಉಚಿತ’ ಎಂಬ ಘೋಷಣೆ ಎಲ್ಲರ ಬಾಯಿಗೂ ಬರುತ್ತದೆ. ನಮ್ಮ ಮುದ್ರಕರ ಹಾಳೆಯಲ್ಲಿ ಕೂರುವುದು 55 ಕಾರ್ಡು. 110 ಎಂದರೆ ಸರಿಯಾಗಿ ಎರಡು ಹಾಳೆ. ಐದು ಸೇರಿಸಿದರೆ ಮೂರನೆಯ ಹಾಳೆಗೆ ಹೊಸ ಪ್ಲೇಟು. 50 ಜಾಗ ಖಾಲಿ, ಖರ್ಚು ಮಾತ್ರ ಪೂರ್ತಿ. ಉಚಿತವಾಗಿ ಏನಾದರೂ ಕೊಡಬೇಕೆಂದಿದ್ದರೆ ಹಾಳೆಯಲ್ಲಿ ಜಾಗ ಎಷ್ಟು ಉಳಿದಿದೆ ಎಂದು ಕೇಳಿ ಆಮೇಲೆ ಘೋಷಿಸಿ. ನಿಯಮದ ಪುಸ್ತಿಕೆಯಲ್ಲಿ ಬೆಂಬಲಿಗರ ಹೆಸರು ಹಾಕುವುದು ನಿಜಕ್ಕೂ ಖರ್ಚಿಲ್ಲದ್ದು. ಹೆಸರನ್ನು ಅವರಿಂದಲೇ ಕನ್ನಡದಲ್ಲಿ ಬರೆಸಿಕೊಳ್ಳಿ. ಇಂಗ್ಲಿಷಿನಲ್ಲಿ ಬಂದ ಒಂದು ಹೆಸರನ್ನು ನಾವೇ ‘ಶಾಮಲ’ ಮಾಡಿದ್ದೆವು, ಅವರು ‘ಶ್ಯಾಮಲಾ’.

ಡಬ್ಬಿಯ ಮೇಲಿನ ವಯಸ್ಸು ಕೂಡ ಪ್ರತಿಫಲದ ಮಾತೇ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಸರ್ಕಾರಿ ಆದೇಶದಂತೆ ಗುಣಮಟ್ಟದ ಬಿಐಎಸ್ ಗುರುತು ಕಡ್ಡಾಯ. ‘8 ವರ್ಷ ಮೇಲ್ಪಟ್ಟು’ ಎಂದು ಪುಟದಲ್ಲಿ ಹಾಕಿದರೆ ಪರೀಕ್ಷೆ, ಪರವಾನಗಿ ಎಲ್ಲವೂ ಹಿಂಬಾಲಿಸುತ್ತವೆ. ಹಾಗೆಂದು ಮಕ್ಕಳಿಗೇ ಮಾಡಿದ ಆಟಕ್ಕೆ ‘14+’ ಎಂದು ಚೀಟಿ ಅಂಟಿಸಿದರೂ ತಪ್ಪಿಸಿಕೊಳ್ಳಲಾಗದು; ಆದೇಶ ನೋಡುವುದು ಆಟಿಕೆ ಯಾರಿಗಾಗಿ ಮಾಡಿದ್ದು ಎಂಬುದನ್ನು. ನಮ್ಮದು ಧಾರಣೆ, ಸಾಲ, ಬಡ್ಡಿಗಳ ಆಟ, ದೊಡ್ಡವರದ್ದೇ.

ಯಾವಾಗ ಕೊಡುತ್ತೇವೆ ಎನ್ನಬೇಕು?

ಮಲೆನಾಡಿನಲ್ಲಿ ಕೂತು ಆಟ ಕಳಿಸುವವರು ಪಂಚಾಂಗವನ್ನು ಹಿಂದಿನಿಂದ ಓದಬೇಕು: ಜೂನ್ ಮಳೆಯಿಂದ ಶುರು ಮಾಡಿ ಹಿಂದಕ್ಕೆ. ಮಡಚುವ ಮಣೆ ಎಂದರೆ ದಪ್ಪ ರಟ್ಟಿಗೆ ಮುದ್ರಿತ ಕಾಗದ ಅಂಟಿಸಿದ್ದು. ತೇವಕ್ಕೆ ಕಾಗದ ಒಂದು ರೀತಿ, ರಟ್ಟು ಇನ್ನೊಂದು ರೀತಿ ಹಿಗ್ಗುತ್ತದೆ; ಒಂದೇ ಬದಿಗೆ ಕಾಗದವಿದ್ದರೆ ಮಣೆ ಹಪ್ಪಳದಂತೆ ಬಾಗುತ್ತದೆ. ಹಿಂಬದಿಗೂ ಕಾಗದ ಅಂಟಿಸಲು ಹೇಳಿ. ಮಾದರಿ ಬಂದ ದಿನ ಅದನ್ನು ಗ್ರಾನೈಟ್ ಕಟ್ಟೆಯ ಮೇಲಿಟ್ಟು ನೋಡಿ. ಮೂಲೆಯ ಕೆಳಗೆ ಎರಡು ಕಾರ್ಡು ತೂರುವಷ್ಟು ಎದ್ದಿದ್ದರೆ ಒಪ್ಪಬೇಡಿ. ಜುಲೈನಲ್ಲಿ ಬಂದ ಪೆಟ್ಟಿಗೆಯೊಳಗೆ ತೇವ ಸೇರಿದ್ದು, ಮೇಲೆ ಪ್ಲಾಸ್ಟಿಕ್ ಹೊದಿಕೆಯೂ ಇದ್ದರೆ ಬೂಷ್ಟು ಒಳಗೇ ಬೆಳೆಯುತ್ತದೆ.

ಜೂನಿಗೆ ಮೊದಲು ಎಲ್ಲ ಪೆಟ್ಟಿಗೆ ಮನೆ ಬಿಟ್ಟಿರಬೇಕು ಎಂದರೆ ಅಭಿಯಾನ ಅಕ್ಟೋಬರ್–ನವೆಂಬರಿನಲ್ಲೋ, ಜನವರಿ–ಫೆಬ್ರುವರಿಯಲ್ಲೋ? ಜನರ ಕೈಯಲ್ಲಿ ಹಣ ಆಡುವುದು ಎರಡನೆಯದರಲ್ಲಿ, ಕೊಯ್ಲು ಮುಗಿದು ಅಡಿಕೆ ಮಂಡಿಗೆ ಹೋದ ಮೇಲೆ. ಆದರೆ ಫೆಬ್ರುವರಿ ಕೊನೆಗೆ ಮುಗಿದರೆ, ಹಣ ಖಾತೆಗೆ ಬಂದು, ಕಡತ ತಿದ್ದಿ, ಮಾದರಿ ಒಪ್ಪಿ, ಮುದ್ರಣವಾಗಿ ಲಾರಿ ಬರುವಷ್ಟರಲ್ಲಿ ಮೇ ದಾಟುತ್ತದೆ. ಒಂದು ವಾರ ತಪ್ಪಿದರೂ ಮಳೆ. ನವೆಂಬರಿನಲ್ಲಿ ಮುಗಿಸಿದರೆ ಡಿಸೆಂಬರ್ ಕಡತಕ್ಕೆ, ಜನವರಿ ಮಾದರಿಗೆ. ಶಿವಕಾಶಿಯಲ್ಲಿ ಮಾಡಿಸುವವರಿಗೆ ಇನ್ನೊಂದು ಅನುಕೂಲ: ವರ್ಷದ ಕೊನೆಯ ತಿಂಗಳುಗಳಲ್ಲಿ ಅಲ್ಲಿನ ಪ್ರೆಸ್‌ಗಳಿಗೆ ಕ್ಯಾಲೆಂಡರ್ ಬಿಟ್ಟು ಬೇರೇನೂ ಕಾಣುವುದಿಲ್ಲ, ಅದು ಮುಗಿದ ಮೇಲೆ ನಿಮ್ಮ ಸರದಿ ಬರುತ್ತದೆ. ಮಾರ್ಚ್ ಮಧ್ಯಕ್ಕೆ ಪೆಟ್ಟಿಗೆ ಬಂದರೆ ಏಪ್ರಿಲ್ ಪೂರ್ತಿ ಕಳಿಸುವುದಕ್ಕೆ. ಪುಟದಲ್ಲಿ ಬರೆಯಬೇಕಾದ್ದು ‘ಏಪ್ರಿಲ್’ ಅಲ್ಲ, ‘ಮೇ ಕೊನೆಯೊಳಗೆ’. ಖಾಸಗಿ ಕಂಪನಿಯ ಹೆಸರಿನಲ್ಲಿ ಹಣ ಎತ್ತುವವರಿಗೆ ಇನ್ನೂ ಒಂದು ಗಡಿ ಇದೆ: ಸರಕಿಗಾಗಿ ಪಡೆದ ಮುಂಗಡಕ್ಕೆ 365 ದಿನದೊಳಗೆ ಸರಕು ಕೊಡದಿದ್ದರೆ, ಕಂಪನಿ ಠೇವಣಿ ನಿಯಮಗಳ ಪ್ರಕಾರ ಅದು ಠೇವಣಿ ಎನಿಸಿಕೊಳ್ಳಬಹುದು.

ಸಾಗಣೆ ದರ ಕೇಳುವಾಗ ತೂಕ ಹೇಳಿ ಸುಮ್ಮನಾಗಬೇಡಿ. ನಮ್ಮ ಆಟದ ತೂಕ 900 ಗ್ರಾಂ. ಆದರೆ ಕೊರಿಯರ್‌ನವರು ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿ, ಬಂದದ್ದು ಹೆಚ್ಚಿದ್ದರೆ ಅದಕ್ಕೆ ಬಿಲ್ ಮಾಡುತ್ತಾರೆ. ಹೊರಗಿನ ರಟ್ಟಿನ ಪೆಟ್ಟಿಗೆ 29×29×9 ಇದ್ದದ್ದರಿಂದ 1.51 ಕಿಲೋ ಆಯಿತು, ಅರ್ಧ ಕಿಲೋದ ಹಂತಗಳಲ್ಲಿ ಅದು 2 ಕಿಲೋ. ಒಂದೊಂದು ಸೆಂಟಿಮೀಟರ್ ಇಳಿಸಿ 28×28×9 ಮಾಡಿಸಿದೆವು, 1.41, ಅಂದರೆ ಒಂದೂವರೆಯ ದರ. ಆಟದ ಡಬ್ಬಿ 26 ಸೆಂಟಿಮೀಟರ್, ಸುತ್ತ ಒಂದು ಸೆಂಟಿಮೀಟರ್ ಮೆತ್ತೆಗೆ ಸಾಕಾಯಿತು. ಮೂಲೆ ಜಜ್ಜಿ ವಾಪಸ್ ಬಂದವು ನಾಲ್ಕು, ಮಿಕ್ಕಿದ್ದ 19ರಲ್ಲಿ ಅವನ್ನು ಬದಲಿಸಿಕೊಟ್ಟೆವು.

ವಿಳಾಸಗಳನ್ನು ಕಳಿಸುವ ಹದಿನೈದು ದಿನ ಮೊದಲು ಮತ್ತೊಮ್ಮೆ ಕೇಳಿ, ಪಿನ್‌ಕೋಡ್‌ಗಳನ್ನು ಕೊರಿಯರ್ ಪಟ್ಟಿಯೊಂದಿಗೆ ತಾಳೆ ನೋಡಿ. ಹೊಸನಗರ, ತೀರ್ಥಹಳ್ಳಿ ಕಡೆಯ ಹನ್ನೊಂದು ಹಳ್ಳಿ ವಿಳಾಸಗಳಿಗೆ ನಮ್ಮ ಕೊರಿಯರ್ ಹೋಗುವುದಿಲ್ಲ ಎಂದು ಆಗಲೇ ತಿಳಿದದ್ದು. ಒಂದನ್ನು ಬಿಟ್ಟು ಉಳಿದವನ್ನು ಅಂಚೆಯಲ್ಲಿ ಕಳಿಸಿದೆವು. ಭಾವನ ಪಕ್ಕದ ಮನೆಯವರದ್ದೂ ಆ ಪಟ್ಟಿಯಲ್ಲಿತ್ತು. ಅದನ್ನು ಭಾವ ತಾವೇ ಬೈಕಿನಲ್ಲಿ ಒಯ್ದು ಕೊಟ್ಟು, ಸಾಗಣೆ ಖರ್ಚಿನ ಕಲಮಿನಲ್ಲಿ ಸೊನ್ನೆ ಬರೆದರು.